ಬಂಡವಾಳ ಇಲ್ಲ, ವಾರಕ್ಕೆ ಎರಡು ಸಂಜೆ ಬಿಡುವಿದೆ: ಬೆಂಗಳೂರಲ್ಲಿ ಮಾತಾಡೋ ಕನ್ನಡ ಕಲಿಸಿ ಸಂಪಾದಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ವಿದ್ಯಾರ್ಥಿಗೆ ನೂರೆಂಟು ದಾರಿ ಇವೆ ಅಂತಾರೆ. ಕನ್ನಡ ಕಲಿಸೋದೇ ಯಾಕೆ?

ಉಳಿದ ದಾರಿಗಳನ್ನು ಹತ್ತಿರದಿಂದ ನೋಡಿದರೆ ಎಲ್ಲೋ ಒಂದು ಕಡೆ ದುಡ್ಡು ಅಥವಾ ಸಮಯ ಕೇಳುತ್ತವೆ. ಟೀ ಶರ್ಟ್ ಪ್ರಿಂಟ್ ಮಾಡಿಸಿ ಮಾರೋಣ ಅಂದರೆ ಇಂತಿಷ್ಟು ಪೀಸ್ ತಗೊಳ್ಳಲೇಬೇಕು ಅಂತ ಪ್ರಿಂಟಿಂಗ್‌ನವರು ಹೇಳುತ್ತಾರೆ. ಮನೆಯಲ್ಲಿ ತಿಂಡಿ ಮಾಡಿ ಮಾರೋದಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಸಾಮಾನು ಮೊದಲೇ ತರಬೇಕು. ಡೆಲಿವರಿಗೆ ಗಾಡಿ ಬೇಕು. ಮಕ್ಕಳಿಗೆ ಟ್ಯೂಷನ್ ಒಳ್ಳೆಯ ಕೆಲಸವೇ, ಆದರೆ ಹೆಚ್ಚಿನ ಅಪ್ಪ ಅಮ್ಮಂದಿರು ವಾರಕ್ಕೆ ಐದು ದಿನ ಬನ್ನಿ ಅಂತಾರೆ. ನಿಮ್ಮ ಪರೀಕ್ಷೆಯೂ ಆ ಮಗುವಿನ ಪರೀಕ್ಷೆಯೂ ಒಂದೇ ಹೊತ್ತಿಗೆ ಬಂದರೆ ಎರಡೂ ಕೆಡುತ್ತವೆ.

ಮಾತಾಡೋ ಕನ್ನಡಕ್ಕೆ ಈ ಯಾವ ತೊಂದರೆಯೂ ಇಲ್ಲ. ವಾರಕ್ಕೆ ಎರಡು ಸಂಜೆ ಸಾಕು. ಕಲಿಯುವವರೂ ಕೆಲಸ ಮುಗಿಸಿ ಬರುವವರು, ಅವರಿಗೂ ಅದಕ್ಕಿಂತ ಜಾಸ್ತಿ ಬಿಡುವಿರಲ್ಲ. ಬೇರೆ ಊರಲ್ಲಿ ಈ ಕೆಲಸಕ್ಕೆ ಇಷ್ಟು ಗಿರಾಕಿ ಸಿಗಲಿಕ್ಕಿಲ್ಲ. ವೈಟ್‌ಫೀಲ್ಡ್, ಬೆಳ್ಳಂದೂರು, ಎಚ್‌ಎಸ್‌ಆರ್ ಲೇಔಟ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಯಾವುದೇ ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ ಲಿಫ್ಟ್ ಹತ್ತಿದರೆ ಗೊತ್ತಾಗುತ್ತೆ.

ನಿಜವಾಗಿ ದುಡ್ಡು ಕೊಟ್ಟು ಕಲಿಯೋದು ಯಾರು?

ಐಟಿ ಕಂಪನಿಯ ಹುಡುಗ ಹುಡುಗಿಯರೇ ಜಾಸ್ತಿ ಬರುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ವಿಚಾರಿಸೋದು ಅವರೇ ಜಾಸ್ತಿ. ಆದರೆ ಆಫೀಸಲ್ಲಿ ಇಂಗ್ಲಿಷ್ ನಡೆಯುತ್ತೆ, ಊಟ ಆ್ಯಪಲ್ಲಿ ಬರುತ್ತೆ, ಹಾಗಾಗಿ ಅವರು ಮುಂದಿನ ತಿಂಗಳು ಅಂತ ಮುಂದೂಡುತ್ತಾರೆ. ಹಣ ಕಟ್ಟಿ, ತಪ್ಪದೆ ಬಂದು, ಕೊನೆಯವರೆಗೆ ಕೂರುವವರು ಬೇರೆ. ಗಂಡನ ಕೆಲಸಕ್ಕಾಗಿ ಊರು ಬಿಟ್ಟು ಬಂದು, ದಿನವಿಡೀ ಮನೆಗೆಲಸದವರ ಜೊತೆ, ಸೆಕ್ಯುರಿಟಿ ಜೊತೆ, ತರಕಾರಿ ಗಾಡಿಯವರ ಜೊತೆ ಕೈಸನ್ನೆಯಲ್ಲಿ ಮಾತಾಡುವ ಗೃಹಿಣಿಯರು. ರೋಗಿಗಳ ಜೊತೆ ಮಾತಾಡಲೇಬೇಕಾದ ನರ್ಸ್‌ಗಳು, ಫಿಸಿಯೋಥೆರಪಿಯವರು. ಮಕ್ಕಳಿಗೆ ಶಾಲೆಯಲ್ಲಿ ಕನ್ನಡ ಇದೆ, ಹೋಮ್‌ವರ್ಕ್ ಗೊತ್ತಾಗ್ತಿಲ್ಲ ಅನ್ನುವ ತಾಯಂದಿರು. ಕನ್ನಡದ ಮನೆಗೆ ಮದುವೆಯಾಗಿ ಬಂದವರಂತೂ ತುಂಬಾ ಶ್ರದ್ಧೆಯಿಂದ ಕಲಿಯುತ್ತಾರೆ, ಏಕೆಂದರೆ ಅತ್ತೆ ಜೊತೆ ಮಾತಾಡಬೇಕು ಅಂತ ಅವರಿಗೆ ನಿಜಕ್ಕೂ ಆಸೆ ಇರುತ್ತೆ.

ಅದಕ್ಕೇ ಸೇರಿಸಿಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿ: ನೀವು ಕನ್ನಡದಲ್ಲಿ ಯಾರ ಜೊತೆ ಮಾತಾಡಬೇಕು? ಉತ್ತರ ತಕ್ಷಣ ಬಂದರೆ ಅವರು ಉಳಿಯುತ್ತಾರೆ. "ಸುಮ್ನೆ ಕಲಿಯೋಣ ಅಂತ" ಅಂದರೆ ಮೂರನೇ ವಾರಕ್ಕೆ ನಿಲ್ಲಿಸುವ ಸಾಧ್ಯತೆ ಜಾಸ್ತಿ.

ನಾನು ಬಿ.ಕಾಂ. ಓದ್ತಿದ್ದೀನಿ. ವ್ಯಾಕರಣ ಗೊತ್ತಿಲ್ಲ. ಕಲಿಸೋಕೆ ಆಗುತ್ತಾ?

ವಿಭಕ್ತಿ ಪ್ರತ್ಯಯದ ಪಟ್ಟಿ ಬಾಯಿಪಾಠ ಬೇಕಿಲ್ಲ. ಆದರೆ ಕಲಿಯುವವರು ಎಲ್ಲಿ ಎಡವುತ್ತಾರೆ ಅಂತ ಮೊದಲೇ ಗೊತ್ತಿರಬೇಕು. ಹೆಚ್ಚಿನವರು ಎಡವುವುದು ಮೂರು ಜಾಗದಲ್ಲಿ.

ಮೊದಲನೆಯದು "ನನಗೆ". "ನಾನು ಬೇಕು", "ನಾನು ಗೊತ್ತಿಲ್ಲ" ಅಂತಾರೆ. ಇಂಗ್ಲಿಷಿನಲ್ಲಿ ವಿವರಿಸೋಕೆ ಹೋದರೆ ಅರ್ಧ ಗಂಟೆ ಹಿಡಿಯುತ್ತೆ. ಅವರದೇ ಭಾಷೆಯನ್ನು ನೆನಪಿಸಿ. ಹಿಂದಿಯವರಿಗೆ "ಮುಝೇ ಚಾಹಿಯೇ", ತೆಲುಗಿನವರಿಗೆ "ನಾಕು ಕಾವಾಲಿ", ತಮಿಳಿನವರಿಗೆ "ಎನಕ್ಕು ವೇಣುಂ". ಒಂದೇ ನಿಮಿಷದಲ್ಲಿ ಹೊಳೆಯುತ್ತೆ. ಆಮೇಲೆ ಬೇಕು, ಬೇಡ, ಗೊತ್ತು, ಗೊತ್ತಿಲ್ಲ, ಇಷ್ಟ, ಅರ್ಥ ಆಯ್ತು ಎಲ್ಲವನ್ನೂ "ನನಗೆ" ಜೊತೆಗೇ ಕಲಿಸಿ, ಬಿಡಿಬಿಡಿಯಾಗಿ ಕಲಿಸಬೇಡಿ.

ಎರಡನೆಯದು "ಇಲ್ಲ" ಮತ್ತು "ಅಲ್ಲ". ಹಿಂದಿಯವರಿಗೆ ಎರಡಕ್ಕೂ "ನಹೀ" ಒಂದೇ. ಹಾಗಾಗಿ "ಇದು ನನ್ನ ಗಾಡಿ ಇಲ್ಲ" ಅಂತಾರೆ. ಮೇಜಿನ ಮೇಲೆ ಪೆನ್ ಇಟ್ಟು, ತೆಗೆದು, "ಪೆನ್ ಇಲ್ಲ" ಅನ್ನಿಸಿ. ಪೆನ್ಸಿಲ್ ತೋರಿಸಿ "ಇದು ಪೆನ್ ಅಲ್ಲ" ಅನ್ನಿಸಿ. ಹತ್ತು ಸಲ ಮಾಡಿದರೆ ಕೂರುತ್ತೆ.

ಮೂರನೆಯದು ಮರ್ಯಾದೆ. ಇವರು ಕಿವಿಯಲ್ಲಿ ಕೇಳಿ ಕಲಿತದ್ದು "ಬಾ", "ಹೋಗು", "ಕೊಡು". ಅದನ್ನೇ ಆಟೋ ಡ್ರೈವರ್‌ಗೆ ಹೇಳಿ ಬೈಸಿಕೊಳ್ಳುತ್ತಾರೆ, ಯಾಕೆ ಅಂತ ಗೊತ್ತಾಗಲ್ಲ. ಮೊದಲ ಆರು ವಾರ "ಬನ್ನಿ, ಹೋಗಿ, ಕೊಡಿ, ನಿಲ್ಲಿಸಿ" ಮಾತ್ರ ಕಲಿಸಿ. ಹಾಗೆಯೇ ಅವನು, ಅವಳು ಬಿಟ್ಟು "ಅವರು ಬರ್ತಾರೆ" ಒಂದನ್ನೇ ಕಲಿಸಿ. ಕಲಿಯುವ ಹೊರೆಯೂ ಕಡಿಮೆ, ಜಗಳವೂ ಇಲ್ಲ.

ನನ್ನದು ಹುಬ್ಬಳ್ಳಿ ಕಡೆ ಕನ್ನಡ. ಬೆಂಗಳೂರಲ್ಲಿ ಕಲಿಸಬಹುದಾ?

ಧಾರಾಳವಾಗಿ. ಮಂಗಳೂರಿನವರು, ಕಲಬುರಗಿಯವರು ಕೂಡ. ಕಲಿಯುವವರು ನಾಳೆ ಬೆಳಿಗ್ಗೆ ಬೆಂಗಳೂರಿನ ಅಂಗಡಿಯಲ್ಲಿ ಏನು ಕೇಳಿಸಿಕೊಳ್ಳುತ್ತಾರೋ ಅದನ್ನು ಕಲಿಸಿ, ಅಷ್ಟೇ. "ಕೊಡ್ರಿ" ಬದಲು "ಕೊಡಿ". ಪುಸ್ತಕದ ಕನ್ನಡವೂ ಬೇಡ. "ನಾನು ಹೋಗುತ್ತೇನೆ" ಅಂತ ಕಲಿಸಿದರೆ ಹೊರಗೆ ಹೋದಾಗ "ಹೋಗ್ತೀನಿ" ಕೇಳಿಸಿದರೂ ಅವರಿಗೆ ಗುರುತು ಸಿಗಲ್ಲ.

ಎಲ್ಲರನ್ನೂ ಒಂದೇ ಬ್ಯಾಚಿಗೆ ಹಾಕಬಹುದಾ?

ಆದಷ್ಟು ಬೇಡ. ತಮಿಳು, ತೆಲುಗು, ಮಲಯಾಳದವರಿಗೆ ವಾಕ್ಯದ ಕಟ್ಟು ಆಗಲೇ ಗೊತ್ತು. ಅವರಿಗೆ ಬೇಕಿರೋದು ಪದಗಳು, ಕ್ರಿಯಾಪದದ ಕೊನೆಗಳು. ಹಿಂದಿ, ಬಂಗಾಳಿ, ಒಡಿಯಾ ಮಾತಾಡುವವರಿಗೆ ಪ್ರತಿಯೊಂದೂ ನಿಧಾನವಾಗಿ ಬೇಕು. ಇಬ್ಬರನ್ನೂ ಕೂರಿಸಿದರೆ ಎರಡನೇ ವಾರದಲ್ಲೇ ಒಬ್ಬರಿಗೆ ಬೇಸರ, ಇನ್ನೊಬ್ಬರಿಗೆ ಗಾಬರಿ. ಆರು ಜನ ಮಾತ್ರ ಸಿಕ್ಕಿ ಬೇರೆ ಮಾಡೋಕೆ ಆಗದಿದ್ದರೆ, ಜೋಡಿ ಮಾಡಿ ಮಾತಾಡಿಸುವಾಗ ದಕ್ಷಿಣದವರ ಜೊತೆ ಉತ್ತರದವರನ್ನು ಕೂರಿಸಿ. ತಿಳಿದವರು ಹೇಳಿಕೊಡುತ್ತಾರೆ, ಅವರಿಗೂ ಗಟ್ಟಿಯಾಗುತ್ತೆ.

ಮೊದಲ ಆರು ಜನರನ್ನು ಎಲ್ಲಿಂದ ತರೋದು?

ಜಾಹೀರಾತಿಗೆ ಒಂದು ರೂಪಾಯಿಯೂ ಹಾಕಬೇಡಿ. ನಿಮಗೆ ಗೊತ್ತಿರುವ ಒಬ್ಬರು ಸಾಕು, ಅವರು ಅಪಾರ್ಟ್‌ಮೆಂಟಿನಲ್ಲೋ ಪಿಜಿಯಲ್ಲೋ ಇರಬೇಕು. ಅಣ್ಣನ ಸಹೋದ್ಯೋಗಿ, ಅಮ್ಮನ ಪರಿಚಯದವರು, ಕ್ಲಾಸ್‌ಮೇಟ್‌ನ ಅಕ್ಕ, ಯಾರಾದರೂ ಆಗಬಹುದು. ಅವರಿಗೆ ಹೀಗೆ ಹೇಳಿ: ನಿಮ್ಮ ಮನೆ ಹಾಲಿನಲ್ಲಿ ಕ್ಲಾಸ್ ಮಾಡೋಣ, ನಿಮಗೆ ಫೀಸ್ ಬೇಡ, ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿಗೆ ನನ್ನ ಮೆಸೇಜ್ ಹಾಕಿ. ಹೊರಗಿನವರು ಹಾಕಿದ ಮೆಸೇಜನ್ನು ಗ್ರೂಪ್ ಅಡ್ಮಿನ್ ಅಳಿಸುತ್ತಾರೆ. ಪಕ್ಕದ ಮನೆಯವರು ಹಾಕಿದ್ದನ್ನು ಜನ ಓದುತ್ತಾರೆ.

ಮೆಸೇಜ್ ಇಂಗ್ಲಿಷಿನಲ್ಲಿರಲಿ, ಐದು ಸಾಲು ದಾಟದಿರಲಿ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ಫೀಸ್, ಎಷ್ಟು ಸೀಟ್. "ಕನ್ನಡ ಕಲಿಯಿರಿ" ಅಂತ ಬರೆಯುವ ಬದಲು "ಆರು ವಾರದಲ್ಲಿ ಮನೆಗೆಲಸದವರು, ತರಕಾರಿಯವರು, ಆಟೋದವರ ಜೊತೆ ಕನ್ನಡದಲ್ಲಿ ಮಾತಾಡಿ" ಅನ್ನುವ ಅರ್ಥ ಬರುವಂತೆ ಬರೆಯಿರಿ. ಮೊದಲ ಒಂದು ಕ್ಲಾಸ್ ಉಚಿತ ಅಂತ ಸೇರಿಸಿ. ಹನ್ನೆರಡು ಜನ ಬಂದು ಆರು ಜನ ಉಳಿದರೆ ಅದು ಒಳ್ಳೆಯ ಲೆಕ್ಕವೇ.

ಆ ಮೊದಲ ಉಚಿತ ಕ್ಲಾಸಿನಲ್ಲಿ ಏನು ಮಾಡಬೇಕು?

ಸ್ವರ, ವ್ಯಂಜನ ಬೋರ್ಡಿನ ಮೇಲೆ ಬರೆಯಬೇಡಿ. ಮನೆಗೆ ಹೋಗುವ ದಾರಿಯಲ್ಲೇ ಅವರು ಬಳಸಬಹುದಾದ ಒಂದು ಮಾತುಕತೆ ಕೊಡಿ. ತರಕಾರಿ ಗಾಡಿಯದ್ದು ಚೆನ್ನಾಗಿ ಕೆಲಸ ಮಾಡುತ್ತೆ:

"ಟೊಮ್ಯಾಟೊ ಕೆಜಿ ಎಷ್ಟು?"
"ನಲವತ್ತು."
"ಅರ್ಧ ಕೆಜಿ ಕೊಡಿ."
"ಇನ್ನೇನು ಬೇಕು?"
"ಸಾಕು. ಚಿಲ್ಲರೆ ಇಲ್ಲ, ಫೋನ್‌ಪೇ ಮಾಡ್ತೀನಿ."

ಮೊದಲ ಹತ್ತು ನಿಮಿಷ ನೀವು ಎರಡೂ ಕಡೆಯ ಮಾತನ್ನು ಹೇಳಿ, ಅವರು ಬರೀ ಕೇಳಲಿ. ಆಮೇಲೆ ಎಲ್ಲರೂ ಒಟ್ಟಿಗೆ ಹೇಳಲಿ. ಆಮೇಲೆ ನೀವೇ ಗಾಡಿಯವರಾಗಿ, ಒಬ್ಬೊಬ್ಬರಾಗಿ ಬಂದು ಕೊಳ್ಳಲಿ. ಟೊಮ್ಯಾಟೊ ಹೋಗಿ ಈರುಳ್ಳಿ, ಕೊತ್ತಂಬರಿ, ಬೀನ್ಸ್ ಬರಲಿ. ಬೆಲೆ ಬದಲಾಗಲಿ. ನಿಜವಾದ ಟೊಮ್ಯಾಟೊ, ಈರುಳ್ಳಿ ಆ ಮನೆಯ ಅಡುಗೆಮನೆಯಿಂದಲೇ ತಂದು ಮೇಜಿನ ಮೇಲಿಟ್ಟರೆ ನಾಚಿಕೆ ಬೇಗ ಹೋಗುತ್ತೆ. ನಲವತ್ತು, ಐವತ್ತು, ಅರವತ್ತು ಅಂತ ಹತ್ತರ ಲೆಕ್ಕ ಮಾತ್ರ ಇವತ್ತಿಗೆ ಸಾಕು. ಇನ್ನೂರೈವತ್ತು ಮುಂದಿನ ವಾರ.

ಕೊನೆಯ ಹತ್ತು ನಿಮಿಷ ಒಂದೇ ಒಂದು ವಾಕ್ಯಕ್ಕೆ ಮೀಸಲಿಡಿ: "ಕನ್ನಡದಲ್ಲೇ ಹೇಳಿ, ಕಲೀತಾ ಇದೀನಿ." ಇದು ಯಾಕೆ ಬೇಕು ಅಂತ ಮುಂದೆ ಹೇಳ್ತೀನಿ.

ನೋಟ್ಸ್ ಯಾವ ಲಿಪಿಯಲ್ಲಿ ಕೊಡಬೇಕು?

ಆರು ವಾರದ ಕೋರ್ಸಿಗೆ ಇಂಗ್ಲಿಷ್ ಅಕ್ಷರವೇ ಸರಿ. ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ. "ಬೆಲೆ", "ಬೇಳೆ" ಎರಡನ್ನೂ ನಾವು ಫೋನಿನಲ್ಲಿ `bele` ಅಂತಲೇ ಟೈಪ್ ಮಾಡುತ್ತೇವೆ. ಕಲಿಯುವವರು ಅದನ್ನು ಹಾಗೇ ಓದಿದರೆ ಅಂಗಡಿಯವರಿಗೆ ಅರ್ಥ ಆಗಲ್ಲ. ದೀರ್ಘಕ್ಕೆ ಮತ್ತು ನಾಲಿಗೆ ಮಡಚಿ ಹೇಳುವ ಅಕ್ಷರಕ್ಕೆ ದೊಡ್ಡಕ್ಷರ ಬಳಸುತ್ತೀನಿ ಅಂತ ಮೊದಲ ದಿನವೇ ಹೇಳಿ, `bele`, `bELe` ಅಂತ ಬೇರೆ ಮಾಡಿ ಬರೆಯಿರಿ. ಪ್ರತಿ ಪಾಠದ ಜೊತೆ ಒಂದೂವರೆ ನಿಮಿಷದ ವಾಯ್ಸ್ ನೋಟ್ ಗ್ರೂಪಿಗೆ ಹಾಕಿ. ಕ್ಯಾಬಿನಲ್ಲಿ ಕೂತು ಅದನ್ನೇ ಕೇಳುತ್ತಾರೆ, ಕಾಗದ ಬ್ಯಾಗಲ್ಲೇ ಉಳಿಯುತ್ತೆ.

ಫೀಸ್ ಎಷ್ಟು ಇಡಬೇಕು? ಕೊನೆಗೆ ಕೈಗೆ ಎಷ್ಟು ಬರುತ್ತೆ?

ಒಂದು ಬ್ಯಾಚಿನ ಲೆಕ್ಕ ಮಾಡಿ ನೋಡೋಣ. ಆರು ವಾರ, ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ. ಒಟ್ಟು 12 ಕ್ಲಾಸ್. ಫೀಸ್ ಕಟ್ಟುವವರು ಆರು ಜನ, ತಲಾ 1,500 ರೂಪಾಯಿ. ಒಟ್ಟು 9,000.

ನೀವಿರೋದು ವಿಜಯನಗರದಲ್ಲಿ, ಕ್ಲಾಸ್ ವೈಟ್‌ಫೀಲ್ಡ್ ಕಡೆ ಅಂದುಕೊಳ್ಳಿ. ನೇರಳೆ ಮಾರ್ಗದ ಮೆಟ್ರೋ ನೇರವಾಗಿ ಹೋಗುತ್ತೆ, ಆದರೂ ಹೋಗಿ ಬರೋದಕ್ಕೆ, ಸ್ಟೇಷನ್ನಿಂದ ಮನೆ ಸೇರೋದಕ್ಕೆ ಎಲ್ಲ ಸೇರಿ ಮೂರು ಗಂಟೆ ಹೋಗುತ್ತೆ ಅಂತಿಟ್ಟುಕೊಳ್ಳಿ. ಓಡಾಟಕ್ಕೆ ದಿನಕ್ಕೆ 200 ರೂಪಾಯಿ ಅಂದರೆ 12 ದಿನಕ್ಕೆ 2,400. ಜೆರಾಕ್ಸ್, ಮಾರ್ಕರ್ ಎಲ್ಲ ಸೇರಿ 250. ಉಳಿಯೋದು 6,350. ಸಮಯ: ಕ್ಲಾಸಿಗೆ 12 ಗಂಟೆ, ಓಡಾಟಕ್ಕೆ 36 ಗಂಟೆ, ಮೊದಲ ಬ್ಯಾಚಿನ ತಯಾರಿಗೆ 12 ಗಂಟೆ. ಒಟ್ಟು 60 ಗಂಟೆ. ಗಂಟೆಗೆ ಸುಮಾರು 106 ರೂಪಾಯಿ.

ಅದೇ ಬ್ಯಾಚ್ ನಿಮ್ಮ ಮನೆಯಿಂದಲೋ ಕಾಲೇಜಿನಿಂದಲೋ ನಡೆದು ಹೋಗುವ ದೂರದಲ್ಲಿದ್ದರೆ ಉಳಿಯೋದು 8,750, ಸಮಯ 24 ಗಂಟೆ. ಗಂಟೆಗೆ 360ಕ್ಕಿಂತ ಜಾಸ್ತಿ. ಎರಡನೇ ಬ್ಯಾಚಿಗೆ ತಯಾರಿ ಮೂರು ಗಂಟೆಗೆ ಇಳಿದರೆ ಗಂಟೆಗೆ 580 ದಾಟುತ್ತೆ. ಹಾಗಾಗಿ ಫೀಸ್ ಇನ್ನೂರು ಜಾಸ್ತಿ ಮಾಡೋದಾ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ದೂರ ಕಡಿಮೆ ಮಾಡಿ. ಕಾಲೇಜು ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿರುವ ಜಾಗ ಹುಡುಕಿ. ವೈಟ್‌ಫೀಲ್ಡ್‌ನಲ್ಲಿ ಗಿರಾಕಿ ಜಾಸ್ತಿ ಅನ್ನೋದು ನಿಜ, ಆದರೆ ನಿಮ್ಮ ಬೀದಿಯ ಪಿಜಿಯಲ್ಲೂ ಆರು ಜನ ಸಿಗುತ್ತಾರೆ.

ಹಣ ಮೊದಲೇ ತಗೊಳ್ಳಿ, ಪೂರ್ತಿಯಾಗಿ, ಉಚಿತ ಕ್ಲಾಸ್ ಮುಗಿದ ಎರಡು ದಿನದೊಳಗೆ. ಕ್ಲಾಸಿಗೆ ಇಷ್ಟು ಅಂತ ತಗೊಂಡರೆ ಮಳೆ ಬಂದ ದಿನ ಯಾರೂ ಬರಲ್ಲ. ಎರಡನೇ ಕ್ಲಾಸಿನೊಳಗೆ ಬಿಟ್ಟರೆ ಅರ್ಧ ವಾಪಸ್, ಆಮೇಲೆ ಇಲ್ಲ ಅಂತ ಮೆಸೇಜಿನಲ್ಲೇ ಬರೆದಿಡಿ. ನಿಮ್ಮ ಕಡೆಯಿಂದ ಕ್ಲಾಸ್ ತಪ್ಪಿದರೆ ಬೇರೆ ದಿನ ಮಾಡಿಕೊಡಲೇಬೇಕು.

ಜಾಗದ ವಿಷಯದಲ್ಲಿ ಏನು ನೋಡಿಕೊಳ್ಳಬೇಕು?

ಕ್ಲಬ್‌ಹೌಸ್ ಬಳಸಬೇಕಾದರೆ ಅಸೋಸಿಯೇಷನ್ ಒಪ್ಪಿಗೆ ಬೇಕು. ದುಡ್ಡು ತಗೊಳ್ಳುವ ಕ್ಲಾಸ್ ಅಂದ ಕೂಡಲೇ ಬಾಡಿಗೆ ಕೇಳಬಹುದು, ಬೇಡವೂ ಅನ್ನಬಹುದು. ಅದಕ್ಕೇ ಮೊದಲ ಬ್ಯಾಚ್ ಒಬ್ಬರ ಮನೆಯಲ್ಲಿರಲಿ. ಗೇಟಿನಲ್ಲಿ ನಿಮ್ಮ ಹೆಸರನ್ನು ಆ ಮನೆಯವರು ಪ್ರತಿ ಸಲ ಮೊದಲೇ ಹಾಕಿಸಿಡಲಿ, ಇಲ್ಲದಿದ್ದರೆ ಹತ್ತು ನಿಮಿಷ ಅಲ್ಲೇ ಹೋಗುತ್ತೆ.

ಹುಡುಗಿಯರಿಗೆ ಒಂದು ಮಾತು, ಹುಡುಗರಿಗೂ ಸಲ್ಲುತ್ತೆ: ಒಬ್ಬರಿಗೇ ಅವರ ಮನೆಗೆ ಹೋಗಿ ಕಲಿಸೋದು ಬೇಡ. ಒಬ್ಬರಿಗೇ ಕಲಿಸೋದಾದರೆ ಆನ್‌ಲೈನ್ ಮಾಡಿ. ವಿಳಾಸವನ್ನು ಮನೆಯವರಿಗೆ ಕಳಿಸಿ. ಎಂಟೂವರೆಗೆ ಹೊರಡುವ ಹಾಗೆ ಏಳೂಕಾಲಿಗೇ ಶುರು ಮಾಡಿ.

ಪೂರ್ತಿ ಆನ್‌ಲೈನ್ ಮಾಡಿದರೆ ಆಗಲ್ವಾ?

ಆಗುತ್ತೆ, ಓಡಾಟ ಉಳಿಯುತ್ತೆ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿದರೆ 60 ನಿಮಿಷ, ಝೂಮ್‌ನಲ್ಲಿ 40 ನಿಮಿಷ ಸಿಗುತ್ತೆ. ಹಾಗಾಗಿ ಮೀಟ್‌ನಲ್ಲಿ 50 ನಿಮಿಷದ ಕ್ಲಾಸ್ ಇಟ್ಟುಕೊಳ್ಳಿ. ಆದರೆ ಆನ್‌ಲೈನಿನಲ್ಲಿ ಕ್ಯಾಮೆರಾ ಆಫ್ ಮಾಡಿ ಸುಮ್ಮನೆ ಕೂರುವವರು ಜಾಸ್ತಿ. ನಾಲ್ಕೇ ಜನರನ್ನು ತಗೊಂಡು ಪ್ರತಿಯೊಬ್ಬರಿಂದಲೂ ಮಾತಾಡಿಸಿ. ಮೊದಲ ಬ್ಯಾಚನ್ನು ಎದುರೆದುರೇ ಮಾಡಿ ಅಂತ ನನ್ನ ಸಲಹೆ. ಯಾರ ಬಾಯಲ್ಲಿ ಯಾವ ಪದ ಸಿಕ್ಕಿಕೊಳ್ಳುತ್ತೆ ಅಂತ ಮುಖ ನೋಡಿದರೇ ಗೊತ್ತಾಗೋದು.

ಮೂರನೇ ವಾರಕ್ಕೆ ಅರ್ಧ ಜನ ಬರೋದು ನಿಲ್ಲಿಸುತ್ತಾರಂತೆ. ನಿಜಾನಾ?

ಸುಮ್ಮನೆ ಬಿಟ್ಟರೆ ಹಾಗೇ ಆಗುತ್ತೆ. ಆಫೀಸ್ ಕಾಲ್ ಅಂತ ಕಾರಣ ಹೇಳುತ್ತಾರೆ. ಒಳಗಿನ ಕಾರಣ ಸಾಮಾನ್ಯವಾಗಿ ಬೇರೆ. ಕಷ್ಟಪಟ್ಟು "ಎಷ್ಟಾಯ್ತು?" ಅಂತ ಕೇಳಿದರೆ ಅಂಗಡಿಯವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೊಡೋದು, ಆದರೆ ಕಲಿಯುವವರ ಉತ್ಸಾಹ ಅಲ್ಲಿಗೆ ಇಳಿದುಹೋಗುತ್ತೆ. ಅದಕ್ಕೇ ಮೊದಲ ದಿನವೇ "ಕನ್ನಡದಲ್ಲೇ ಹೇಳಿ, ಕಲೀತಾ ಇದೀನಿ" ಅನ್ನೋದನ್ನು ಕಲಿಸಬೇಕು. ಹಾಗೆ ಹೇಳಿದರೆ ಬೆಂಗಳೂರಿನಲ್ಲಿ ಬಹಳಷ್ಟು ಜನ ಖುಷಿಯಿಂದ ನಿಧಾನವಾಗಿ ಹೇಳಿಕೊಡುತ್ತಾರೆ.

ಪ್ರತಿ ಕ್ಲಾಸಿನ ನಂತರ ಒಂದೇ ಹೋಮ್‌ವರ್ಕ್: ಹೊರಗೆ ಯಾರ ಜೊತೆಗಾದರೂ ಕನ್ನಡದಲ್ಲಿ ಮಾತಾಡಿ, ಏನಾಯ್ತು ಅಂತ ಗ್ರೂಪಿಗೆ ವಾಯ್ಸ್ ನೋಟ್ ಹಾಕಿ. ಬಿಟ್ಟುಹೋಗುವವರು ಕ್ಲಾಸಿಗೆ ಬರೋದನ್ನು ನಿಲ್ಲಿಸುವ ಮೊದಲು ವಾಯ್ಸ್ ನೋಟ್ ಹಾಕೋದನ್ನು ನಿಲ್ಲಿಸುತ್ತಾರೆ. ಎರಡು ಸಲ ಬರಲಿಲ್ಲ ಅಂದರೆ ಆವತ್ತೇ ಫೋನ್ ಮಾಡಿ ಐದು ನಿಮಿಷ ಮಾತಾಡಿ. ಯಾವ ಮಾತುಕತೆಯಲ್ಲಿ ಸಿಕ್ಕಿಕೊಂಡರು ಅಂತ ಕೇಳಿ, ಮುಂದಿನ ಕ್ಲಾಸನ್ನು ಅದರಿಂದಲೇ ಶುರು ಮಾಡಿ.

ಯೂಟ್ಯೂಬಲ್ಲಿ ಪುಕ್ಕಟೆ ಸಿಗುವಾಗ ನನಗ್ಯಾಕೆ ದುಡ್ಡು ಕೊಡ್ತಾರೆ?

ವಿಡಿಯೋ ಅವರು ಮಾತಾಡಿದ್ದನ್ನು ತಿದ್ದಲ್ಲ. ಅವರು ನಿಮಗೆ ದುಡ್ಡು ಕೊಡೋದು ಅದಕ್ಕೇ. ನೀವೇ ಗಂಟೆಯಿಡೀ ಮಾತಾಡಿ ಅವರನ್ನು ಕೇಳಿಸಿದರೆ ಮಾತ್ರ ಯೂಟ್ಯೂಬೇ ಮೇಲು ಅನಿಸುತ್ತೆ. ಒಂದು ಗಂಟೆಯಲ್ಲಿ ನಿಮ್ಮ ಮಾತು ಇಪ್ಪತ್ತು ನಿಮಿಷ ದಾಟದಿರಲಿ.

ತೆರಿಗೆ, ಜಿಎಸ್‌ಟಿ ಏನಾದರೂ ಇದೆಯಾ?

ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಬಂದ ಹಣ ನಿಮ್ಮ ಹೆಸರಿನ ಖಾತೆಗೇ ಬರಲಿ, ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಹೆಸರು, ಮೊತ್ತ ಬರೆದಿಡಿ.

ವರ್ಷದಲ್ಲಿ ಯಾವಾಗ ಶುರು ಮಾಡಿದರೆ ಒಳ್ಳೆಯದು?

ದಸರಾದಿಂದ ದೀಪಾವಳಿವರೆಗೆ ಬ್ಯಾಚ್ ಇಡಬೇಡಿ. ಉತ್ತರದವರು ಊರಿಗೆ ಹೋಗುತ್ತಾರೆ, ಬಿಹಾರದ ಕಡೆಯವರು ಛಠ್ ಪೂಜೆ ಮುಗಿಸಿಯೇ ಬರೋದು. ಕೇರಳದವರಿದ್ದರೆ ಓಣಂ ನೋಡಿಕೊಳ್ಳಿ. ನವೆಂಬರ್ ರಾಜ್ಯೋತ್ಸವದ ತಿಂಗಳು, ಕನ್ನಡ ಕಲಿಯಬೇಕು ಅನ್ನುವ ಮಾತು ಎಲ್ಲ ಕಡೆ ಇರುತ್ತೆ. ಹಬ್ಬದ ಓಡಾಟ ಮುಗಿದ ವಾರ ಉಚಿತ ಕ್ಲಾಸ್ ಇಟ್ಟರೆ ಜನ ಸಿಗುತ್ತಾರೆ. ಜನವರಿಯೂ ಚೆನ್ನಾಗಿರುತ್ತೆ. ನಿಮ್ಮ ಸೆಮಿಸ್ಟರ್ ಪರೀಕ್ಷೆಯ ದಿನಾಂಕದಿಂದ ಹಿಂದಕ್ಕೆ ಎಂಟು ವಾರ ಎಣಿಸಿ, ಅದರೊಳಗೆ ಆರು ವಾರದ ಬ್ಯಾಚ್ ಮುಗಿಯುವಂತೆ ನೋಡಿಕೊಳ್ಳಿ.

ಆರು ವಾರ ಮುಗಿದ ಮೇಲೆ?

ಆರು ಜನರಲ್ಲಿ ಇಬ್ಬರು ಮೂವರು ಮುಂದೇನು ಅಂತ ಕೇಳುತ್ತಾರೆ. ಅವರಿಗೆ ಓದೋದನ್ನು ಕಲಿಸುವ ನಾಲ್ಕು ವಾರದ ಕೋರ್ಸ್ ಮಾಡಿ. ವರ್ಣಮಾಲೆಯ ಕ್ರಮ ಬಿಟ್ಟು ಅವರ ಸ್ಟಾಪಿಗೆ ಬರುವ ಬಿಎಂಟಿಸಿ ಬಸ್ಸಿನ ಬೋರ್ಡಿನಿಂದ ಶುರು ಮಾಡಿ. "ಮಾರತಹಳ್ಳಿ" ಅನ್ನುವ ಒಂದು ಹೆಸರಿನಲ್ಲೇ ಮ, ರ, ತ, ಹ, ಳ ಸಿಗುತ್ತೆ, ದೀರ್ಘ, ಗುಡಿಸು, ಒತ್ತಕ್ಷರವೂ ಸಿಗುತ್ತೆ. "ಸಿಲ್ಕ್ ಬೋರ್ಡ್" ಬೇಡ, ಒತ್ತಕ್ಷರ, ಅರ್ಧಾಕ್ಷರ ಸೇರಿ ಮೊದಲ ದಿನವೇ ಹೆದರಿಸುತ್ತೆ. ಈ ಬ್ಯಾಚಿಗೆ ಹೊಸ ಜನ ಹುಡುಕಬೇಕಿಲ್ಲ. ಹಳೆಯವರಿಗೆ ಕೊನೆಯ ಕ್ಲಾಸಿನ ದಿನವೇ ತಾರೀಖು ಹೇಳಿ ಹೆಸರು ಬರೆದುಕೊಳ್ಳಿ, ಅದೇ ದಿನ ಅವರ ಗೆಳೆಯರಿಗಾಗಿ ಮುಂದಿನ ಮೊದಲ ಹಂತದ ಬ್ಯಾಚಿನ ಮೆಸೇಜನ್ನೂ ಕಳಿಸಿ.